ಓವನ್ ನಾಬ್ 250ಕ್ಕೆ ಮುಗಿಯುತ್ತದೆ, ರೆಸಿಪಿ 350 ಕೇಳುತ್ತಿದೆ!

ದಾವಣಗೆರೆ ಗೃಹಿಣಿ: ಅಮೆರಿಕದಲ್ಲಿರುವ ನಾದಿನಿ ಬನಾನಾ ಬ್ರೆಡ್ ರೆಸಿಪಿ ಕಳಿಸಿದ್ದಾಳೆ. 350 ಡಿಗ್ರಿ, 1 ಗಂಟೆ ಅಂತಿದೆ. ನನ್ನ ಓಟಿಜಿ ನಾಬ್ 250ರ ಮೇಲೆ ತಿರುಗುವುದೇ ಇಲ್ಲ. ಇರಲಿ ಅಂತ 250ಕ್ಕೇ ಇಟ್ಟೆ. 20 ನಿಮಿಷಕ್ಕೆ ಮೇಲೆಲ್ಲ ಇದ್ದಿಲು, ಒಳಗೆ ಹಸಿ ಹಿಟ್ಟು. ದೊಡ್ಡ ಓವನ್ ತಗೋಬೇಕಾ?

ಬೇಕರಿ ಅಣ್ಣ, ಮೈಸೂರು: ಬೇಡಮ್ಮ, ದುಡ್ಡು ಉಳಿಸಿ. ನಾದಿನಿಯ 350 ಫ್ಯಾರನ್‌ಹೀಟು, ನಿಮ್ಮ ನಾಬಿನದು ಸೆಲ್ಸಿಯಸ್. ಅಮೆರಿಕದವರು ಅಕ್ಷರ ಹಾಕದೆ ಬರೀ ಡಿಗ್ರಿ ಅಂತ ಬರೆದುಬಿಡುತ್ತಾರೆ, ಅವರಿಗೆ ಅದೇ ರೂಢಿ. ಕೇಕಿನ ರೆಸಿಪಿಯಲ್ಲಿ 300, 350 ಅಂತ ಕಂಡರೆ ಅದು ಫ್ಯಾರನ್‌ಹೀಟೇ ಅಂದುಕೊಳ್ಳಿ. ಲೆಕ್ಕ ಇಷ್ಟೇ: 32 ಕಳೆಯಿರಿ, 5ರಿಂದ ಗುಣಿಸಿ, 9ರಿಂದ ಭಾಗಿಸಿ.

(350 − 32) × 5 ÷ 9 = 176.7

ನಾಬನ್ನು 175ಕ್ಕೆ ಇಡಿ, ಒಂದೆರಡು ಡಿಗ್ರಿಗೆ ತಲೆ ಕೆಡಿಸಿಕೊಳ್ಳಬೇಡಿ. ನೀವು ಇಟ್ಟಿದ್ದ 250 ಅಂದರೆ ಅವರ ಲೆಕ್ಕದಲ್ಲಿ 482. ಅಷ್ಟು ಕಾವಿಗೆ ಮೇಲ್ಪದರ ಬೇಗ ಗಟ್ಟಿಯಾಗಿ ಸೀದುಹೋಗುತ್ತದೆ, ನಡುವಿನ ಹಿಟ್ಟಿಗೆ ಬಿಸಿ ತಲುಪುವಷ್ಟು ಹೊತ್ತೇ ಸಿಗುವುದಿಲ್ಲ.

ಲೆಕ್ಕದ ಮೇಷ್ಟ್ರು: ಇಷ್ಟೆಲ್ಲ ಯಾಕೆ? ಸುಮ್ನೆ ಅರ್ಧ ಮಾಡಿ. 350ರ ಅರ್ಧ 175. ಎಲ್ಲ ಕಡೆ ನಡೆಯುತ್ತದೆ.

ಬೇಕರಿ ಅಣ್ಣ, ಮೈಸೂರು: ಕೇಕ್, ಬಿಸ್ಕತ್ತಿಗೆ ನಡೆಯುತ್ತದೆ ಮೇಷ್ಟ್ರೇ, ನಾನೂ ಮನಸ್ಸಲ್ಲಿ ಹಾಗೇ ಮಾಡುವುದು. 320ಕ್ಕೆ ಸರಿಯಾಗಿ ಅರ್ಧ, 160. ಅಲ್ಲಿಂದ ದೂರ ಹೋದಷ್ಟೂ ತಪ್ಪು ಜಾಸ್ತಿ. ಬ್ರೆಡ್ಡಿಗೆ 450 ಕೇಳಿದರೆ ಅರ್ಧ 225, ನಿಜವಾಗಿ ಬೇಕಿರುವುದು 232. ಸುಡುವುದಿಲ್ಲ ಬಿಡಿ, ಆದರೆ ಮೇಲ್ಪದರಕ್ಕೆ ಬಣ್ಣ ಬರಲು ತಡವಾಗುತ್ತದೆ. ಎಲ್ಲ ಕಡೆ ಅನ್ನಬೇಡಿ, ಕುದಿಯುವ ನೀರಿನದು 212, ಅದರ ಅರ್ಧ 106 ಆಗಿಬಿಡುತ್ತದೆ.

ಮಲ್ಲೇಶ್ವರಂ ಅತ್ತೆ: ನನ್ನದು 900 ವಾಟಿನ ಮೈಕ್ರೋವೇವ್. 350 ವಾಟಿಗೆ ಎಷ್ಟು ನಿಮಿಷ ಇಡಲಿ?

ಬೇಕರಿ ಅಣ್ಣ, ಮೈಸೂರು: ಅತ್ತೆ, ವಾಟ್ ಬೇರೆ, ಡಿಗ್ರಿ ಬೇರೆ. ಅದರಲ್ಲಿ ಕನ್ವೆಕ್ಷನ್ ಬಟನ್ ಇದೆಯಾ ನೋಡಿ. ಇದ್ದರೆ ಅಲ್ಲಿ ಡಿಗ್ರಿ ಬರುತ್ತದೆ. ಆದರೆ ಅದರಲ್ಲಿ ಫ್ಯಾನ್ ಓಡುತ್ತದೆ, ಬಿಸಿಗಾಳಿ ಜೋರಾಗಿ ತಾಗುತ್ತದೆ, ಅದಕ್ಕೆ 160 ಸಾಕು. ಆ ಬಟನ್ ಇಲ್ಲದಿದ್ದರೆ ಈ ರೆಸಿಪಿಯನ್ನು ಅದರಲ್ಲಿ ಮಾಡಲೇಬೇಡಿ.

ದಾವಣಗೆರೆ ಗೃಹಿಣಿ: ಅಣ್ಣಾ, ರೆಸಿಪಿ ಕೆಳಗೆ ಇನ್ನೊಂದು ಸಾಲು ಇದೆ, ಕಪ್ಪು ಟಿನ್ ಆದರೆ 25 ಡಿಗ್ರಿ ಕಡಿಮೆ ಮಾಡಿ ಅಂತ. ನನ್ನದು ಕಪ್ಪೇ. ಮೊಬೈಲಲ್ಲಿ 25 ಹಾಕಿದರೆ ಮೈನಸ್ 4 ಅಂತ ಬಂತು! ಮೈನಸ್ 4 ಕಡಿಮೆ ಅಂದರೆ ಜಾಸ್ತಿ ಮಾಡಬೇಕಾ?

ಬೇಕರಿ ಅಣ್ಣ, ಮೈಸೂರು: ಇಲ್ಲಿ ತುಂಬಾ ಜನ ಎಡವುತ್ತಾರೆ. ಮೊಬೈಲು ನಿಮ್ಮ 25ನ್ನು ಓವನ್ನಿನ ಒಳಗಿನ ಬಿಸಿ ಅಂದುಕೊಂಡಿತು, ಆದರೆ ಇದು ಎರಡು ಬಿಸಿಗಳ ನಡುವಿನ ಅಂತರ. ಅಂತರಕ್ಕೆ 32 ಕಳೆಯಬಾರದು, ಬರೀ 5 ÷ 9. ಅಂದರೆ 14. ಇಲ್ಲದಿದ್ದರೆ ಮೊದಲು ಅಮೆರಿಕದ ಲೆಕ್ಕದಲ್ಲೇ 350ರಿಂದ 25 ಕಳೆದುಬಿಡಿ, 325. ಆಮೇಲೆ ಬದಲಿಸಿ, 163 ಬರುತ್ತದೆ. ನಾಬ್ 160ರ ಹತ್ತಿರ ಇಟ್ಟು, 50 ನಿಮಿಷ ಆದಮೇಲೆ ನಡುವೆ ಟೂತ್‌ಪಿಕ್ ಚುಚ್ಚಿ ನೋಡಿ. ಹಸಿ ಹಿಟ್ಟು ಅಂಟಿದರೆ ಇನ್ನೂ 10 ನಿಮಿಷ ಬಿಡಿ.

ಇನ್ನೊಂದು ವಿಷಯ, ನಾಬ್ ಹೇಳುವುದೆಲ್ಲ ನಿಜ ಅಲ್ಲ. ಫಾಯಿಲ್ ಮೇಲೆ ಒಂದು ಚಮಚ ಸಕ್ಕರೆ ಹಾಕಿ, ಕಾದ ಓವನ್ನಿನಲ್ಲಿ 175ಕ್ಕೆ 15 ನಿಮಿಷ ಇಡಿ. ಹರಳು ಹಾಗೇ ಇರಬೇಕು. ಸಕ್ಕರೆ ಕರಗುವುದು 186ರ ಆಸುಪಾಸಿನಲ್ಲಿ, 175ಕ್ಕೇ ಕರಗಿದರೆ ನಿಮ್ಮ ಓವನ್ ಹೇಳುವುದಕ್ಕಿಂತ ಜಾಸ್ತಿ ಕಾಯುತ್ತಿದೆ ಅಂತ ಅರ್ಥ.

ದಾವಣಗೆರೆ ಗೃಹಿಣಿ: ಮಾಡಿದೆ ಅಣ್ಣಾ. ಹಿಂದಿನ ಅಂಚಿನಲ್ಲಿ ಕರಗಿ ಕಂದು ಆಗಿದೆ, ಬಾಗಿಲ ಕಡೆ ಬಿಳಿ ಹರಳು ಹಾಗೇ ಇದೆ. ಇದಕ್ಕೇನಂತೀರಿ?

ಬೇಕರಿ ಅಣ್ಣ, ಮೈಸೂರು: ಹಿಂಬದಿ ಜಾಸ್ತಿ ಕಾಯುತ್ತಿದೆ. ಅರ್ಧ ಹೊತ್ತು ಕಳೆದಮೇಲೆ ಟಿನ್ನನ್ನು ತಿರುಗಿಸಿ ಇಡಿ. ನಡುವೆ ನಿಜವಾಗಿ ಎಷ್ಟಿದೆ ಅಂತ ಸಕ್ಕರೆಯಿಂದ ಗೊತ್ತಾಗಲ್ಲ, ಓವನ್ ಥರ್ಮಾಮೀಟರ್ ಒಳಗಿಟ್ಟೇ ನೋಡಬೇಕು.

ಲೆಕ್ಕದ ಮೇಷ್ಟ್ರು: ನನ್ನ ಥರ್ಮಾಮೀಟರ್ 175 ತೋರಿಸುವಾಗಲೇ ಸಕ್ಕರೆ ಕರಗಿತ್ತಪ್ಪ. ಯಾವುದನ್ನ ನಂಬೋದು?

ಮಲ್ಲೇಶ್ವರಂ ಅತ್ತೆ: ಬಟನ್ ಸಿಕ್ಕಿತು! 160 ಒತ್ತಿದೆ. ಬಾಳೆಹಣ್ಣು ಎಷ್ಟು ಬೇಕು ಅಂತ ಯಾರೂ ಹೇಳಲೇ ಇಲ್ವಲ್ಲ.