ಪದಚರ್ಚೆ: ಮನೆ ಬಿಡಿಸುವ ನೋಟೀಸಿನಲ್ಲಿ ‘30ರೊಳಗೆ’ ಸಾಕೇ?

ವೀಣಾ:
ನಾಳೆ ಅಂಚೆಗೆ ಹಾಕಬೇಕು, ದಯವಿಟ್ಟು ಬೇಗ ತಿಳಿಸಿ. ಬೆಂಗಳೂರಿನಲ್ಲಿರುವ ನಮ್ಮ ಅತ್ತೆಯವರ ಮನೆ, ತಿಂಗಳಿಗೆ 12,000 ಬಾಡಿಗೆ. ಜೂನ್‌ನಿಂದ ಮೂರು ತಿಂಗಳು ಬಂದಿಲ್ಲ. ಕರಾರು ಮುಗಿದು ತಿಂಗಳ ಲೆಕ್ಕದಲ್ಲಿ ಇದ್ದಾರೆ. ನನ್ನ ಕರಡು: “ಬಾಕಿ ಬಾಡಿಗೆ ರೂ. 36,000 ಪಾವತಿಸದಿದ್ದಲ್ಲಿ ಸೆಪ್ಟೆಂಬರ್ 30ರೊಳಗೆ ಮನೆಯನ್ನು ತೆರವುಗೊಳಿಸತಕ್ಕದ್ದು.” ‘ರೊಳಗೆ’ ಅಂದರೆ 30 ಸೇರುತ್ತದೋ ಇಲ್ಲವೋ?

ಶಂಕರಪ್ಪ:
ಮೊದಲು ‘ಬಾಕಿ’ ತೆಗೆಯಿರಿ, ಅರಬ್ಬಿ. ‘ಉಳಿಕೆ’ ಇದೆಯಲ್ಲ. ‘ತೆರವು’ ಇರಲಿ, ಅದು ನಮ್ಮ ‘ತೆರೆ’ಯ ಕುಲದ್ದು.

ಗುರುರಾಜ:
‘ಉಳಿಕೆ ಬಾಡಿಗೆ’ ಅಂದರೆ ಮಿಕ್ಕು ಉಳಿದದ್ದು ಅಂತ ಓದುವವರೂ ಇದ್ದಾರೆ. ಬೇಡ. ‘ತೆರವುಗೊಳಿಸು’ ಕೂಡ ಬೇಡ, ಒತ್ತುವರಿ ತೆರವು ಮಾಡುವುದು ಇನ್ನೊಬ್ಬರು. ಬಾಡಿಗೆದಾರರು ‘ಖಾಲಿ ಮಾಡಿ, ಸ್ವಾಧೀನ ಬಿಟ್ಟುಕೊಡುವುದು’.

ದೊಡ್ಡ ತಪ್ಪು ‘ಪಾವತಿಸದಿದ್ದಲ್ಲಿ’. ಅದಿದ್ದರೆ ಹಣ ಕಟ್ಟಿದ ದಿನ ನೋಟೀಸಿನ ಬಲ ಹೋಗುತ್ತದೆ. ಬಾಡಿಗೆ ಸಂಬಂಧ ಕೊನೆಗಾಣಿಸುವುದೇ ಉದ್ದೇಶವಾದರೆ ಹಣದ ಬೇಡಿಕೆಗೆ ಒಂದು ವಾಕ್ಯ, ಬಿಡುವುದಕ್ಕೆ ಇನ್ನೊಂದು.

ತಾರೀಖಿಗೆ ‘ರೊಳಗೆ’ ಬೇಡ, ಜಗಳಕ್ಕೆ ದಾರಿ. ‘30ರ ಸಂಜೆ 5 ಗಂಟೆಗೆ’ ಅನ್ನಿ. ಆದರೆ 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 106ನೇ ಕಲಮಿನ 15 ದಿನ ನಡೆಯುವುದು ನೋಟೀಸು ಕೈಸೇರಿದ ದಿನದಿಂದ. ಅಂಚೆ 18ಕ್ಕೆ ಸೇರಿದರೆ 30ಕ್ಕೆ 15 ತುಂಬುವುದಿಲ್ಲ. ದಿನ ಕಮ್ಮಿ ಬಿದ್ದ ಮಾತ್ರಕ್ಕೆ ನೋಟೀಸು ಅಸಿಂಧುವಲ್ಲ, ಆದರೆ ಆ ಅವಧಿ ಮುಗಿದ ಮೇಲೆಯೇ ದಾವೆ ಹಾಕಬೇಕು. ಅಕ್ಟೋಬರ್ 10 ಇಟ್ಟರೆ ನಿಶ್ಚಿಂತೆ.

ಮಂಜುನಾಥ:
15 ಅಲ್ಲ ಸಾರ್, ಕರ್ನಾಟಕ ಬಾಡಿಗೆ ಕಾಯ್ದೆಯಲ್ಲಿ ಬಾಕಿ ಕಟ್ಟಲು ಎರಡು ತಿಂಗಳು ಕೊಡಬೇಕು.

ಗುರುರಾಜ:
1999ರ ಆ ಕಾಯ್ದೆ ಬೆಂಗಳೂರಿನಲ್ಲಿ 3,500 ಮೀರಿದ ಬಾಡಿಗೆಗೆ ತಾಗುವುದಿಲ್ಲ. ಇವರದು 12,000.

ನಾಗವೇಣಿ:
ನಮ್ಮ ಬಾಡಿಗೆದಾರರು ಕೊನೆಯ ನಾಲ್ಕು ತಿಂಗಳು ಕೊಡಲೇ ಇಲ್ಲ, “ಅಡ್ವಾನ್ಸಲ್ಲಿ ಹಿಡ್ಕೊಳ್ಳಿ ಅಕ್ಕ” ಅಂದುಬಿಟ್ಟರು. ಗೋಡೆ ತುಂಬ ಮೊಳೆ ಹೊಡೆದಿದ್ದರು. ಅದಕ್ಕೂ ಅಡ್ವಾನ್ಸೇ ಗತಿ. ವೀಣಾ, ನಿಮ್ಮದರಲ್ಲಿ ಅಡ್ವಾನ್ಸ್ ಮಾತು ಬಂದಿದೆಯೇ?

ವೀಣಾ:
ಇಲ್ಲ ನಾಗವೇಣಿಯವರೇ. ಅತ್ತೆ ಅದನ್ನು ಎತ್ತುವುದೇ ಬೇಡ ಅನ್ನುತ್ತಾರೆ, ನನಗೆ ಎತ್ತಬೇಕು ಅನಿಸುತ್ತದೆ. ತಿದ್ದಿದ್ದು ಹೀಗಿದೆ: “ಜೂನ್, ಜುಲೈ, ಆಗಸ್ಟ್ ತಿಂಗಳ ಬಾಕಿ ಬಾಡಿಗೆ ರೂ. 36,000 ಪಾವತಿಸಬೇಕು. ನಿಮ್ಮ ಬಾಡಿಗೆ ಹಕ್ಕನ್ನು ಈ ನೋಟೀಸಿನಿಂದ ಕೊನೆಗಾಣಿಸಲಾಗಿದ್ದು, ಅಕ್ಟೋಬರ್ 10ರ ಸಂಜೆ 5 ಗಂಟೆಗೆ ಮನೆ ಖಾಲಿ ಮಾಡಿ ಸ್ವಾಧೀನ ಬಿಟ್ಟುಕೊಡಬೇಕು.”

ಶಂಕರಪ್ಪ:
ಬಾಕಿ, ಖಾಲಿ, ನೋಟೀಸು! ಒಂದು ಕಾಗದದಲ್ಲಿ ಮೂರು ಪರದೇಶಿ.

ಗುರುರಾಜ:
‘ಬಾಡಿಗೆ’ಯೂ ಸಂಸ್ಕೃತದ ‘ಭಾಟಕ’ದಿಂದ ಬಂದದ್ದು. ಅದನ್ನೂ ತೆಗೆಯುತ್ತೀರಾ? ಓದುವವರಿಗೆ ತಿಳಿಯಬೇಕು, ಅಷ್ಟೆ.

ಶಂಕರಪ್ಪ:
ಸಾವಿರ ವರ್ಷ ಬೆರೆತದ್ದಕ್ಕೂ ನಿನ್ನೆ ಬಂದದ್ದಕ್ಕೂ ಒಂದೇ ತಕ್ಕಡಿಯೇ? ಒಪ್ಪುವುದಿಲ್ಲ.