ಅಪ್‌ಡೇಟ್: ಎಲ್ಲರೆದುರು ತಮಾಷೆ, ಇಬ್ಬರೇ ಇದ್ದಾಗ ‘ಹೇಳಿ ಮೇಡಂ’

ನನ್ನ ಪ್ರಶ್ನೆ: “ಒಬ್ಬರು ಗೆಳೆಯರ ಮಧ್ಯೆ ನನ್ನನ್ನು ಬಿಡದೆ ರೇಗಿಸ್ತಾರೆ, ಇಬ್ಬರೇ ಇದ್ದರೆ ‘ಹೇಳಿ ಮೇಡಂ’ ಅಂತಾರೆ. ಇಷ್ಟವೋ, ಬರೀ ತಮಾಷೆಯೋ?”

ಗುಂಪಲ್ಲಿ ನಾನೂ ತಿರುಗಿ ರೇಗಿಸುವ ಸಲಹೆ ಫಲಿಸಲಿಲ್ಲ. ನೋಡುವವರಿಗೆ ಮಜಾ ಸಿಕ್ಕಿತು, ಅಷ್ಟೆ. ವಾಟ್ಸಾಪಲ್ಲಿ ಕೇಳಿದ್ದಕ್ಕೆ ಬರೀ ಇಮೋಜಿ ಬಂತು.

ಫಲಿಸಿದ್ದು, ಎದುರುಬದುರು ಕೂರದೆ ಜೊತೆಗೆ ನಡೆಯುತ್ತಾ ಮಾತಾಡಿ ಅಂದವರ ಸಲಹೆ. ಮಡಿಕೇರಿಯಲ್ಲಿ ರಾಜಾ ಸೀಟ್ ಕಡೆ ನಡೆಯುವಾಗ, “ನೀವು ರೇಗಿಸೋದು ನನಗಿಷ್ಟ. ಇಬ್ಬರೇ ಇದ್ದಾಗ ಯಾಕೆ ಮೇಡಂ ಅಂತೀರಿ?” ಅಂದು ಸುಮ್ಮನಾದೆ. ಆ ಮೌನವನ್ನು ನಾವೇ ನಗುತ್ತಾ ತುಂಬಿದರೆ ಅವರು ಮತ್ತೆ ತಮಾಷೆಗೆ ಜಾರುತ್ತಾರೆ.

ಉತ್ತರ ಬಂತು: ಎಲ್ಲರೆದುರು ಆಡಿದ್ದನ್ನು ತಮಾಷೆ ಅಂತ ವಾಪಸ್ ತಗೋಬಹುದು, ಇಬ್ಬರೇ ಇದ್ದಾಗ ಆಡಿದ್ದಕ್ಕೆ ಜವಾಬು ಕೊಡಬೇಕಲ್ಲ, ಅದೇ ಅಂಜಿಕೆ. ಇಷ್ಟ ಇದೆಯಂತೆ. ಮುಂದಿನ ಭೇಟಿಗೆ ಅವರೇ ಕರೆದರು; ಮಾತಿಗಿಂತ ನಾನು ನಂಬಿದ್ದು ಅದನ್ನೇ. ಕೇಳಿದ ಮೇಲೂ ಕರೆಯದವರಿಗೆ ಬೇಕಿರೋದು ಪ್ರೇಕ್ಷಕರು ಅಂದುಕೊಳ್ಳಿ.