ಸಹಾಯ ಬೇಕು: ಸೀಲ್ಡ್ ಬಾಕ್ಸ್ 34 ಲೀಟರಾ, 59 ಲೀಟರಾ?

ಎಲ್ಲರಿಗೂ ನಮಸ್ಕಾರ. ಮೈಸೂರಿನ ಸರಸ್ವತಿಪುರಂನಲ್ಲಿದ್ದೇನೆ. ಹೊಸ 8 ಇಂಚಿನ ವೂಫರ್‌ಗೆ ಸೀಲ್ಡ್ ಬಾಕ್ಸ್ ಮಾಡಬೇಕು. ಪ್ಲೈವುಡ್ ತಂದಾಗಿದೆ, ಕತ್ತರಿಸೋಕೆ ಮಾತ್ರ ಧೈರ್ಯ ಬರ್ತಿಲ್ಲ.

ಡೇಟಾಶೀಟ್‌ನಲ್ಲಿ ರೆಸೊನೆನ್ಸ್ Fs 35 ಹರ್ಟ್ಜ್, Qts 0.45, Vas 50 ಲೀಟರ್ ಅಂತಿದೆ. ಬಾಕ್ಸ್‌ನೊಳಗೆ ಕೂತ ಮೇಲೆ Q, ಅಂದ್ರೆ Qtc, 0.707 ಬರಬೇಕು.

```
Vb = Vas / ((Qtc/Qts)^2 - 1)
```

ಉತ್ತರ 34 ಲೀಟರ್.

ಆದರೆ ನಾನೇ ಅಳೆದಾಗ Fs 44 ಹರ್ಟ್ಜ್, Qts 0.57 ಬಂತು. ಸ್ಪೈಡರ್ ಇನ್ನೂ ಬಿಗಿ. ಬೆರಳಲ್ಲಿ ಕೋನ್ ಒತ್ತಿದರೇ ಗೊತ್ತಾಗುತ್ತೆ. ಕಂಪ್ಲಯನ್ಸ್ ಕಡಿಮೆ ಆಗಿರೋದರಿಂದ Vas ಸುಮಾರು 32 ಲೀಟರ್‌ಗೆ ಇಳಿದಿರಬೇಕು. Vas ಇಳಿದರೆ ಬಾಕ್ಸ್ ಚಿಕ್ಕದಾಗುತ್ತೆ ಅಂದುಕೊಂಡಿದ್ದೆ. ಲೆಕ್ಕ ಹಾಕಿದರೆ ಸುಮಾರು 59 ಲೀಟರ್! ಡ್ರೈವರ್ರೇ ಬಿಗಿ ಇದ್ದಾಗ ಒಳಗಿನ ಗಾಳಿ ಸ್ಪ್ರಿಂಗ್ ಥರ ಜಾಸ್ತಿ ಒತ್ತಬಾರದು, ಅದಕ್ಕೆ ಅಲ್ವಾ?

ಇದೇ ಡ್ರೈವರ್ 34 ಲೀಟರ್‌ನಲ್ಲಿಟ್ಟರೆ Qtc ಸುಮಾರು 0.79, ರೆಸೊನೆನ್ಸ್ 61 ಹರ್ಟ್ಜ್. ಕೇಳೋಕೆ ಅಷ್ಟೇನೂ ಕೆಟ್ಟದಲ್ಲ ಅನಿಸುತ್ತೆ.

ಕೆಲವು ಗಂಟೆ 25 ಹರ್ಟ್ಜ್ ಟೋನ್ ಓಡಿಸಿ ಮತ್ತೆ ಅಳೆಯಲಾ? ಮೈಸೂರು, ಮಂಡ್ಯದಲ್ಲಿ ಯಾರ ಹತ್ತಿರವಾದರೂ 25–30 ಲೀಟರಿನ, ಗಾಳಿ ಸೋರದ 8 ಇಂಚಿನ ಟೆಸ್ಟ್ ಬಾಕ್ಸ್ ಇದ್ದರೆ ದಯವಿಟ್ಟು ತಿಳಿಸಿ. Vas ಊಹಿಸೋ ಬದಲು ಅಳೆದೇ ನೋಡ್ತೀನಿ. ನಾನೇ ಬಂದು ತಗೊಂಡು ಹೋಗ್ತೀನಿ.